ಹಾಡು ಮುಗಿದರೂ ಫೋಟೊ ಮುಗಿಯುತ್ತಿಲ್ಲ: ಸ್ಲೈಡ್‌ಶೋ ತಾಳ ತಪ್ಪಿದಾಗ ದೋಷ ಹುಡುಕುವ ಬಗೆ

ಮನೆಯ ಸಮಾರಂಭಕ್ಕೆಂದು ಮಾಡಿದ ಫೋಟೊ ಸ್ಲೈಡ್‌ಶೋ ಕೈಕೊಡುವ ರೀತಿ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಮೊದಲ ನಾಲ್ಕೈದು ಫೋಟೊಗಳು ಹಾಡಿನ ಜೊತೆ ಚೆನ್ನಾಗಿಯೇ ಸಾಗುತ್ತವೆ. ನಡುವೆ ಎಲ್ಲೋ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಚರಣ ಶುರುವಾಗುವಾಗ ತೆರೆಯ ಮೇಲೆ ಬರಬೇಕಿದ್ದ ಮದುವೆ ಫೋಟೊ ಬಂದಿರುವುದಿಲ್ಲ, ಇನ್ನೂ ಶಾಲೆಯ ಫೋಟೊಗಳೇ ಓಡುತ್ತಿರುತ್ತವೆ. ಕೊನೆಗೆ ಹಾಡು ನಿಂತುಹೋಗಿ, ಉಳಿದ ಹತ್ತು ಹನ್ನೆರಡು ಫೋಟೊಗಳು ಸದ್ದಿಲ್ಲದೆ ಸಾಗುತ್ತವೆ. ಇಲ್ಲವೇ ಹಾಡು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಅಂದಾಜಿನ ರಿಪೇರಿ: ಎಲ್ಲ ಫೋಟೊಗಳ ಸಮಯವನ್ನು ಅರ್ಧ ಸೆಕೆಂಡು ಇಳಿಸಿ ನೋಡುವುದು, ಒಂದಷ್ಟು ಫೋಟೊ ತೆಗೆದುಹಾಕುವುದು, ಹಾಡನ್ನೇ ಬದಲಿಸುವುದು. ಅದೃಷ್ಟವಿದ್ದರೆ ಸರಿಹೋಗುತ್ತದೆ, ಆದರೆ ಏಕೆ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ. ಅದರ ಬದಲು ಹತ್ತು ನಿಮಿಷ ಕೂತು ಅಳೆದರೆ ದೋಷ ತಾನೇ ಎಲ್ಲಿದೆ ಎಂದು ಹೇಳಿಬಿಡುತ್ತದೆ. ಇಲ್ಲಿ ಪವರ್‌ಪಾಯಿಂಟ್‌ನಲ್ಲಿ ಮಾಡಿದ ಸ್ಲೈಡ್‌ಶೋ ಒಂದನ್ನು ಹಿಡಿದು ಹೇಳುತ್ತೇನೆ. ವಿಡಿಯೊ ಎಡಿಟರ್‌ನಲ್ಲಿ ಮಾಡಿದವರಿಗೆ ಲೆಕ್ಕ ತಿರುಗುಮುರುಗಾಗುತ್ತದೆ, ಅದನ್ನೂ ಹೇಳುತ್ತೇನೆ.

ಮೊದಲು ಅಳೆಯಿರಿ

ಅಳೆಯುವ ಮುನ್ನ ಎರಡು ಕೆಲಸ. ಒಂದು, ಮೊದಲ ಸ್ಲೈಡಿನಲ್ಲಿರುವ ಸ್ಪೀಕರ್ ಗುರುತಿನ ಮೇಲೆ ಕ್ಲಿಕ್ ಮಾಡಿ, `Playback` ಟ್ಯಾಬಿನಲ್ಲಿ `Loop until Stopped` ಮುಂದಿರುವ ಟಿಕ್ ತೆಗೆಯಿರಿ. `Play in Background` ಒತ್ತಿದಾಗ ಇದು ತಾನಾಗಿಯೇ ಸೇರಿಕೊಂಡಿರುತ್ತದೆ. ಹಾಡು ಸಾಲದೆ ಬಂದಾಗ ಇದು ಮತ್ತೆ ಮೊದಲಿನಿಂದ ನುಡಿಸಿ ಕೊರತೆಯನ್ನು ಮುಚ್ಚಿಡುತ್ತದೆ. ನಮಗೆ ಕೊರತೆ ಕಾಣಬೇಕು. ಎರಡು, ಮೂಲ ಫೈಲನ್ನು ಮುಟ್ಟಬೇಡಿ. ಒಂದು ನಕಲು ಮಾಡಿಕೊಂಡು ಪರೀಕ್ಷೆಯನ್ನೆಲ್ಲ ಅದರ ಮೇಲೆ ಮಾಡಿ.

ಈಗ ಆರಂಭದ ಹತ್ತಿರದ ಒಂದು, ನಡುವಿನ ಒಂದು ಮತ್ತು ಕೊನೆಯ ಫೋಟೊ, ಹೀಗೆ ಮೂರನ್ನು ಆರಿಸಿಕೊಳ್ಳಿ. ಅವು ಯಾವುವು, ಹಾಡಿನ ಎಷ್ಟನೇ ಸೆಕೆಂಡಿಗೆ ಬರಬೇಕು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸ್ಲೈಡ್‌ಶೋ ಶುರು ಮಾಡಿ, ಹಾಡಿನ ಮೊದಲ ಸ್ವರ ಕೇಳಿದ ಕೂಡಲೇ ಫೋನಿನ ಸ್ಟಾಪ್‌ವಾಚ್ ಒತ್ತಿ. ಆ ಮೂರೂ ಫೋಟೊಗಳು ತೆರೆಗೆ ಬರಲು ಶುರುವಾದ ಕ್ಷಣವನ್ನು ಲ್ಯಾಪ್ ಒತ್ತಿ ಗುರುತು ಮಾಡಿ. ಅಷ್ಟು ಹೊತ್ತೂ ಮೌಸ್, ಕೀಬೋರ್ಡ್ ಮುಟ್ಟಬೇಡಿ. ಬೆರಳು ಅರ್ಧ ಸೆಕೆಂಡು ಆಚೀಚೆ ಆದರೂ ಪರವಾಗಿಲ್ಲ, ನಾವು ಹುಡುಕುತ್ತಿರುವ ತಪ್ಪು ಅದಕ್ಕಿಂತ ತುಂಬಾ ದೊಡ್ಡದು.

ಸಿಗುವ ಮೂರು ಸಂಖ್ಯೆಗಳಲ್ಲಿ ನೋಡಬೇಕಾದದ್ದು ಎಷ್ಟು ತಡವಾಯಿತು ಎಂಬುದಕ್ಕಿಂತ, ಆ ತಡ ಹೇಗೆ ಬೆಳೆಯಿತು ಎಂಬುದು. ಮೊದಲ ಫೋಟೊದಿಂದ ಕೊನೆಯದರವರೆಗೂ ಒಂದೇ ಪ್ರಮಾಣದ ತಡವಿದ್ದರೆ ದೋಷ ಆರಂಭದಲ್ಲಿದೆ ಅಥವಾ ಸ್ಪೀಕರಿನಲ್ಲಿದೆ. ತಡ ಫೋಟೊದಿಂದ ಫೋಟೊಗೆ ಒಂದೇ ಸಮನೆ ಬೆಳೆಯುತ್ತ ಹೋದರೆ ಪ್ರತಿ ಸ್ಲೈಡಿನ ಸಮಯದ ಲೆಕ್ಕದಲ್ಲೇ ಏನೋ ಬಿಟ್ಟುಹೋಗಿದೆ. ಒಂದು ಕಡೆಯವರೆಗೆ ಎಲ್ಲ ಸರಿಯಿದ್ದು ಅಲ್ಲಿಂದ ಒಮ್ಮೆಗೇ ತಪ್ಪಿದರೆ, ಆ ಜಾಗದ ಒಂದೇ ಒಂದು ಸ್ಲೈಡಿನಲ್ಲಿ ಸಮಸ್ಯೆಯಿದೆ. ಈ ಮೂರನ್ನು ಬೇರೆ ಬೇರೆಯಾಗಿ ಗುರುತಿಸಿದರೆ ಅರ್ಧ ಕೆಲಸ ಮುಗಿದಂತೆ.

ಸಮನಾಗಿ ಬೆಳೆಯುವ ತಡ

ಹೆಚ್ಚಾಗಿ ಸಿಗುವುದು ಇದೇ. ನನ್ನ ಅತ್ತೆಯ ಮಗಳು ತನ್ನ ಅಪ್ಪ ಅಮ್ಮನ ಮದುವೆ ವಾರ್ಷಿಕೋತ್ಸವಕ್ಕೆ ಮಾಡಿದ ಸ್ಲೈಡ್‌ಶೋ ತಂದು ತೋರಿಸಿದಳು. "ಅಣ್ಣಾ, ಹಾಡು 3 ನಿಮಿಷ 52 ಸೆಕೆಂಡು, ಅಂದ್ರೆ 232. ಫೋಟೊ 58. ಭಾಗಿಸಿದ್ರೆ ಸರಿಯಾಗಿ 4. ಎಲ್ಲಕ್ಕೂ 4 ಸೆಕೆಂಡೇ ಕೊಟ್ಟಿದ್ದೀನಿ. ಆದ್ರೂ ಹಾಡು ಮೊದಲೇ ಮುಗಿದುಹೋಗುತ್ತೆ." ಅವಳ ಭಾಗಾಕಾರದಲ್ಲಿ ತಪ್ಪಿರಲಿಲ್ಲ. `Transitions` ಟ್ಯಾಬಿನಲ್ಲಿ ಎಲ್ಲ ಸ್ಲೈಡುಗಳಿಗೂ `After` ಮುಂದೆ 00:04.00 ಎಂದಿತ್ತು, ಬದಲಾವಣೆಗೆ `Fade` ಆರಿಸಿ `Duration` 01.00 ಇಟ್ಟಿದ್ದಳು. 25ನೇ ಫೋಟೊ ಮದುವೆಯದ್ದು. ಚರಣ ಶುರುವಾಗುವ 1:36ಕ್ಕೆ ಅದು ಬರಲಿ ಎಂಬುದು ಅವಳ ಆಸೆ. 24 ಫೋಟೊಗೆ ನಾಲ್ಕರಂತೆ 96 ಸೆಕೆಂಡು, ಅಂದರೆ ಅದೇ 1:36.

ಅಳೆದಾಗ ಸಿಕ್ಕಿದ್ದು, ಪೂರ್ಣ ಸೆಕೆಂಡಿಗೆ ಸರಿಹೊಂದಿಸಿ:

| ಫೋಟೊ | ಬರಬೇಕಿದ್ದದ್ದು | ಬರಲು ಶುರುವಾದದ್ದು | ತಡ |
|---|---|---|---|
| 10 | 0:36 | 0:44 | 8 ಸೆಕೆಂಡು |
| 25 | 1:36 | 1:59 | 23 ಸೆಕೆಂಡು |
| 58 | 3:48 | 4:44 | 56 ಸೆಕೆಂಡು |

10ರಿಂದ 25ಕ್ಕೆ ಹದಿನೈದು ಫೋಟೊ, ತಡ ಹೆಚ್ಚಿದ್ದು ಹದಿನೈದು ಸೆಕೆಂಡು. 25ರಿಂದ 58ಕ್ಕೆ ಮೂವತ್ತಮೂರು ಫೋಟೊ, ತಡ ಹೆಚ್ಚಿದ್ದು ಮೂವತ್ತಮೂರು ಸೆಕೆಂಡು. ಪ್ರತಿ ಫೋಟೊಗೆ ಕರಾರುವಾಕ್ಕಾಗಿ ಒಂದು ಸೆಕೆಂಡು ಎಲ್ಲೋ ಸೇರಿಕೊಳ್ಳುತ್ತಿದೆ. ಇಡೀ ಫೈಲಿನಲ್ಲಿ ಒಂದು ಸೆಕೆಂಡು ಎಂದು ಬರೆದಿರುವುದು ಒಂದೇ ಕಡೆ, `Duration` ಪೆಟ್ಟಿಗೆಯಲ್ಲಿ.

ಆಗುವುದು ಇಷ್ಟೇ. ಪವರ್‌ಪಾಯಿಂಟ್‌ನಲ್ಲಿ `After` ಗಡಿಯಾರ ಓಡಲು ಶುರುವಾಗುವುದು ಫೋಟೊ ಪೂರ್ತಿಯಾಗಿ ಬಂದು ನಿಂತ ಮೇಲೆ. ಹಳೆಯ ಫೋಟೊ ಕರಗಿ ಹೊಸದು ಮೂಡುವ ಹೊತ್ತು ಅದರಲ್ಲಿ ಸೇರುವುದಿಲ್ಲ. ಹಾಗಾಗಿ ಒಂದು ಫೋಟೊ ತಿನ್ನುವ ಸಮಯ 4 ಅಲ್ಲ, 5 ಸೆಕೆಂಡು. 58 ಫೋಟೊ ಮುಗಿಯುವ ಹೊತ್ತಿಗೆ 4:49 ಆಗಿರುತ್ತದೆ. 3:52ಕ್ಕೆ ಹಾಡು ನಿಂತಾಗ ತೆರೆಯ ಮೇಲೆ 47ನೇ ಫೋಟೊ ಇರುತ್ತದೆ, ಹನ್ನೊಂದು ಇನ್ನೂ ಬಾಕಿ. ಅವಳು ಹೇಳಿದ್ದೂ "ಕೊನೆಯ ಹತ್ತು ಹನ್ನೊಂದು ಫೋಟೊಗೆ ಹಾಡೇ ಇಲ್ಲ" ಎಂದೇ.

ಅನುಮಾನ ನಿಜವೋ ಎಂದು ಖಚಿತಪಡಿಸಿಕೊಳ್ಳಲು ನಕಲಿನಲ್ಲಿ ಎಲ್ಲ ಸ್ಲೈಡುಗಳನ್ನೂ ಆರಿಸಿ ಬದಲಾವಣೆಯನ್ನು `None` ಮಾಡಿ ಮತ್ತೆ ಅಳೆಯಿರಿ. ತಡ ಮಾಯವಾದರೆ ಕಾರಣ ಅದೇ. ಪೂರ್ತಿ ಮಾಯವಾಗದೆ ಒಂದಿಷ್ಟು ಉಳಿದರೆ, ಸ್ಲೈಡುಗಳ ಒಳಗೆ ಹೆಸರು, ಇಸವಿ ಮೂಡಿಸುವಂಥ ಅನಿಮೇಶನ್ ಇದೆಯೇ ನೋಡಿ. ಅದೂ ತನ್ನ ಪಾಲಿನ ಸಮಯ ಕೇಳುತ್ತದೆ. ನೀವೇನೂ ಬದಲಿಸದೆ `Fade` ಒತ್ತಿದ್ದರೆ `Duration` ಸಾಮಾನ್ಯವಾಗಿ 00.70 ಇರುತ್ತದೆ. ಆಗ ತಡ ಬೆಳೆಯುವುದು ಫೋಟೊಗೆ ಮುಕ್ಕಾಲು ಸೆಕೆಂಡಿಗಿಂತ ತುಸು ಕಡಿಮೆ. ಈ ಗಾತ್ರದ ಸ್ಲೈಡ್‌ಶೋದಲ್ಲಿ ಅಷ್ಟೇ ಸುಮಾರು ನಲವತ್ತು ಸೆಕೆಂಡು.

ಸರಿಪಡಿಸುವುದು ಸುಲಭ: `After` ಮತ್ತು `Duration` ಎರಡೂ ಕೂಡಿ 4 ಆಗಬೇಕು. ಎಡಗಡೆಯ ಸಣ್ಣ ಚಿತ್ರಗಳ ಸಾಲಿನಲ್ಲಿ ಒಂದರ ಮೇಲೆ ಕ್ಲಿಕ್ ಮಾಡಿ, `Ctrl+A` ಒತ್ತಿ ಎಲ್ಲವನ್ನೂ ಆರಿಸಿ, `After` ಅನ್ನು 00:03.00 ಮಾಡಿ. ಮೊದಲ ಸ್ಲೈಡಿಗೆ ಮಾತ್ರ ಬದಲಾವಣೆ `None` ಇರಲಿ, ಕಾರಣ ಮುಂದೆ ಬರುತ್ತದೆ. `Apply To All` ಗುಂಡಿಯಿಂದ ದೂರವಿರಿ. ಅದು ಈಗ ತೆರೆದಿರುವ ಸ್ಲೈಡಿನ ಎಲ್ಲ ಸೆಟ್ಟಿಂಗನ್ನೂ ಉಳಿದ ಅಷ್ಟಕ್ಕೂ ಬಳಿದುಬಿಡುತ್ತದೆ. ಒಂದೊಂದಾಗಿ ಹೊಂದಿಸಿದ್ದ ಸಮಯಗಳೆಲ್ಲ ಒಂದೇ ಒತ್ತಿಗೆ ಹೋಗುತ್ತವೆ.

ಈಗ ಮತ್ತೆ ಅಳೆದರೆ 25ನೇ ಫೋಟೊ 1:35ಕ್ಕೆ ಮೂಡಲು ಶುರುವಾಗಿ 1:36ಕ್ಕೆ ಪೂರ್ತಿ ಕಾಣುತ್ತದೆ. ಗಾಯಕರು ಚರಣ ಎತ್ತಿಕೊಳ್ಳುವ ಹೊತ್ತಿಗೆ ಫೋಟೊ ಪೂರ್ತಿ ಕಾಣಬೇಕು, ಆಗಷ್ಟೇ ಮೂಡಲು ಶುರುವಾದರೆ ಸಾಲದು. ಇನ್ನು ಮುಂದಿನ ಲೆಕ್ಕವನ್ನೆಲ್ಲ "ಪೂರ್ತಿ ಕಂಡ ಕ್ಷಣ" ಹಿಡಿದೇ ಮಾಡೋಣ.

ವಿಡಿಯೊ ಎಡಿಟರ್‌ನಲ್ಲಿ ತಡವಲ್ಲ, ಅವಸರ

ಇದೇ 58 ಫೋಟೊ, ಇದೇ 4 ಸೆಕೆಂಡು, ಇದೇ 1 ಸೆಕೆಂಡಿನ ಕರಗುವಿಕೆ. ಆದರೆ ವಿಡಿಯೊ ಎಡಿಟರ್‌ನ ಟೈಮ್‌ಲೈನಿನಲ್ಲಿ ಮಾಡಿದರೆ ಹಾಡು ಇನ್ನೂ ಒಂದು ನಿಮಿಷದಷ್ಟು ಉಳಿದಿರುವಾಗಲೇ ಫೋಟೊಗಳು ಖಾಲಿಯಾಗಬಹುದು. ಅಲ್ಲಿ ಎರಡು ಫೋಟೊಗಳನ್ನು ಒಂದರ ಮೇಲೊಂದು ಒಂದು ಸೆಕೆಂಡಿನಷ್ಟು ಎಳೆದು ಹೊದಿಸಿದಾಗ ಆ ಸೆಕೆಂಡು ಎರಡಕ್ಕೂ ಸೇರಿದ್ದಾಗಿರುತ್ತದೆ. 58 ಫೋಟೊಗಳ ನಡುವೆ 57 ಹೊದಿಕೆ. 232ರಲ್ಲಿ 57 ಕಳೆದರೆ ಉಳಿಯುವುದು 175 ಸೆಕೆಂಡು, ಅಂದರೆ 2:55. ಪವರ್‌ಪಾಯಿಂಟ್ ಕೂಡಿಸಿದ್ದನ್ನು ಇದು ಕಳೆಯುತ್ತದೆ. ಒಂದರಲ್ಲಿ ಪಳಗಿದವರು ಇನ್ನೊಂದಕ್ಕೆ ಹೋದಾಗ ಎಡವುವುದು ಇಲ್ಲಿಯೇ.

ಇಲ್ಲಿ ಪ್ರತಿ ಫೋಟೊದ ಉದ್ದವನ್ನು 5 ಸೆಕೆಂಡು ಮಾಡಬೇಕು. 58ಕ್ಕೆ ಐದರಂತೆ 290, ಅದರಲ್ಲಿ 57 ಹೋದರೆ 233, ಹಾಡಿಗಿಂತ ಒಂದು ಸೆಕೆಂಡು ಹೆಚ್ಚು. ಆ ಒಂದು ಸೆಕೆಂಡು ಕೊನೆಯಲ್ಲಿ ಬೇಕಾಗುತ್ತದೆ ಕೂಡ. ಕೆಲವು ಎಡಿಟರ್‌ಗಳು ಒಟ್ಟು ಉದ್ದ ಬದಲಾಗದಂತೆ ಎರಡು ಫೋಟೊಗಳ ಸಂದಿಯ ಮೇಲೆ ಬದಲಾವಣೆಯನ್ನು ಅಂಟಿಸುತ್ತವೆ. ನಿಮ್ಮದು ಯಾವ ಜಾತಿಯದ್ದು ಎಂದು ತಿಳಿಯಲು ಮೂರು ಫೋಟೊ ಹಾಕಿ, ಬದಲಾವಣೆ ಸೇರಿಸುವ ಮುನ್ನ ಮತ್ತು ಸೇರಿಸಿದ ಮೇಲೆ ಟೈಮ್‌ಲೈನಿನ ಉದ್ದ ನೋಡಿ. ಕುಗ್ಗಿದರೆ ಕಳೆಯುವ ಜಾತಿ.

ಸಮಯ ಸರಿಹೋಯಿತು, ಓಟ ಇನ್ನೂ ಸರಿಯಿಲ್ಲ

ಎಲ್ಲ ಫೋಟೊಗೂ ನಾಲ್ಕೇ ಸೆಕೆಂಡು ಕೊಟ್ಟರೆ ಹಾಡೂ ಫೋಟೊವೂ ಒಟ್ಟಿಗೆ ಮುಗಿಯುತ್ತವೆ. ಆದರೆ ಹಾಡು ಒಂದೇ ಓಟದಲ್ಲಿ ಇರುವುದಿಲ್ಲ. ನಡುವೆ ವಾದ್ಯಗಳ ಚುರುಕಾದ ತುಣುಕು ಬಂದಾಗ ಫೋಟೊಗಳೂ ಚುರುಕಾಗಬೇಕು, ಕೊನೆಯಲ್ಲಿ ಪಲ್ಲವಿಗೆ ಮರಳುವಾಗ ನಿಧಾನವಾಗಬೇಕು. ಇದನ್ನು ಕಣ್ಣಳತೆಯಲ್ಲಿ ಮಾಡಹೊರಟಾಗ ಹೊಸ ದೋಷ ಹುಟ್ಟುತ್ತದೆ: ಒಂದು ಕಡೆ ಅರ್ಧ ಸೆಕೆಂಡು ಎಳೆದರೆ ಅದರ ಮುಂದಿನದೆಲ್ಲ ಅರ್ಧ ಸೆಕೆಂಡು ಜರುಗುತ್ತದೆ. ಸ್ಲೈಡುಗಳು ಹಾಡನ್ನು ಕೇಳುತ್ತಿಲ್ಲ, ತಮ್ಮ ಹಿಂದಿನ ಸ್ಲೈಡು ಮುಗಿಯುವುದನ್ನಷ್ಟೇ ಕಾಯುತ್ತಿರುತ್ತವೆ ಎಂಬುದನ್ನು ನೆನಪಿಡಬೇಕು.

ಅದಕ್ಕಾಗಿ ಹಾಡನ್ನು ಕೆಲವೇ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಲೆಕ್ಕವನ್ನು ಅದರೊಳಗೇ ಮುಗಿಸುವುದು ವಾಸಿ. ಹಾಡಿನ ತಿರುವುಗಳನ್ನು ಗುರುತಿಸಲು ನಾನು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಬಳಸುತ್ತೇನೆ. ಹಾಡು ನುಡಿಯುತ್ತಿರುವಾಗಲೇ ತಿರುವು ಬಂದಾಗ `Ctrl+M` ಒತ್ತಿದರೆ ಅಲ್ಲೊಂದು ಗುರುತು ಬೀಳುತ್ತದೆ. ಆಮೇಲೆ ಅಲೆಯ ಚಿತ್ರ ನೋಡಿ ಗುರುತನ್ನು ತುಸು ಆಚೀಚೆ ಎಳೆದು ಸರಿಮಾಡಬಹುದು. ನಿಮಿಷಕ್ಕೆ ಇಷ್ಟು ತಾಳ ಎಂದು ಲೆಕ್ಕ ಹಾಕಿ ಇಡೀ ಹಾಡಿಗೆ ಅನ್ವಯಿಸುವುದೂ ಉಂಟು. ಆದರೆ ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದ ಧ್ವನಿಮುದ್ರಣಗಳಲ್ಲಿ ಲಯ ಸೂಕ್ಷ್ಮವಾಗಿ ಏರಿಳಿಯುತ್ತದೆ, ಸರಾಸರಿ ಹಿಡಿದು ಹೋದರೆ ಎರಡನೇ ಚರಣದ ಹೊತ್ತಿಗೆ ಜಾರಿರುತ್ತೀರಿ. ಕಿವಿಯಿಂದ ಹಾಕಿದ ನಾಲ್ಕು ಗುರುತು ಅದಕ್ಕಿಂತ ನಂಬಿಕಸ್ಥ.

ಈ ಹಾಡಿನಲ್ಲಿ ಸಿಕ್ಕ ತಿರುವುಗಳು ಮೂರು: 1:36ಕ್ಕೆ ಚರಣ, 2:40ಕ್ಕೆ ವಾದ್ಯಗಳ ತುಣುಕು, 3:10ಕ್ಕೆ ಮತ್ತೆ ಪಲ್ಲವಿ. ಅಂತ್ಯ 3:52. ಮೊದಲ ತುಂಡು ಈಗಾಗಲೇ ಸರಿಯಿದೆ, 96 ಸೆಕೆಂಡಿಗೆ 24 ಫೋಟೊ. ಎರಡನೆಯದು 64 ಸೆಕೆಂಡು, ಅದಕ್ಕೆ 25ರಿಂದ 40ರವರೆಗಿನ 16 ಫೋಟೊ, ತಲಾ 4. ಮೂರನೆಯದು ಚುರುಕಿನದ್ದು, 30 ಸೆಕೆಂಡಿಗೆ 41ರಿಂದ 52ರವರೆಗಿನ 12 ಫೋಟೊ, ತಲಾ ಎರಡೂವರೆ. ಉಳಿದ 42 ಸೆಕೆಂಡಿಗೆ ಕೊನೆಯ ಆರು ಫೋಟೊ, ತಲಾ 7. ಮನೆಮಂದಿಯೆಲ್ಲ ಒಟ್ಟಿಗೆ ನಿಂತ ಫೋಟೊಗಳು ಈ ಆರರಲ್ಲಿವೆ. ಇಪ್ಪತ್ತು ಮುಖ ಇರುವ ಫೋಟೊದಲ್ಲಿ ತಮ್ಮ ಮುಖ ಹುಡುಕಿಕೊಳ್ಳಲು ಜನರಿಗೆ ಏಳು ಸೆಕೆಂಡು ಬೇಕೇ ಬೇಕು.

ಚುರುಕಿನ ತುಂಡಿನಲ್ಲಿ ಎರಡೂವರೆ ಸೆಕೆಂಡಿಗೆ ಒಂದು ಸೆಕೆಂಡಿನ ಕರಗುವಿಕೆ ಹೆಚ್ಚಾಯಿತು. ಫೋಟೊ ಸ್ಪಷ್ಟವಾಗುವಷ್ಟರಲ್ಲಿ ಹೋಗಿರುತ್ತದೆ. ಅಲ್ಲಿ `Duration` ಅನ್ನು 00.50ಕ್ಕೆ ಇಳಿಸಿ `After` ಅನ್ನು 00:02.00 ಮಾಡಿದೆವು. ಕೂಡಿದರೆ ಎರಡೂವರೆ, ಸರಿಯಾಗಿಯೇ ಇದೆ ಅನ್ನಿಸಿತು. ಆದರೂ ಓಡಿಸಿದಾಗ 41ನೇ ಫೋಟೊ ವಾದ್ಯಗಳಿಗಿಂತ ಅರ್ಧ ಸೆಕೆಂಡು ಮೊದಲೇ ಬಂತು.

ಇದಕ್ಕೆ ಕಾರಣ ಒಂದು ಸಣ್ಣ ಸಂಗತಿ, ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಸ್ಲೈಡಿನ ಮೇಲೆ ಇರುವ `Duration` ಆ ಸ್ಲೈಡು ಬರುವಾಗಿನ ಸಮಯ. ಅದೇ ಸ್ಲೈಡಿನ `After` ಅದು ಹೋಗುವ ಮುನ್ನ ನಿಲ್ಲುವ ಸಮಯ. ಹಾಗಾಗಿ ಎರಡು ಫೋಟೊಗಳು ಪೂರ್ತಿ ಕಾಣುವ ಕ್ಷಣಗಳ ನಡುವಿನ ಅಂತರ ಎಂದರೆ ಹಿಂದಿನದರ `After`, ಜೊತೆಗೆ ಮುಂದಿನದರ `Duration`. ತುಂಡಿನೊಳಗೆ ಎಲ್ಲ ಸ್ಲೈಡೂ ಒಂದೇ ತರಹ ಇರುವುದರಿಂದ ಈ ವ್ಯತ್ಯಾಸ ಕಾಣಿಸುವುದಿಲ್ಲ, ಗಡಿಯಲ್ಲಿ ಮಾತ್ರ ಬಯಲಾಗುತ್ತದೆ. 40ನೆಯದರ `After` 3, 41ನೆಯದರ `Duration` ಅರ್ಧ. ಕೂಡಿದರೆ ಮೂರೂವರೆ, ಬೇಕಿದ್ದದ್ದು ನಾಲ್ಕು. 40ನೆಯದರ `After` ಅನ್ನು 00:03.50 ಮಾಡಿದಾಗ ಸರಿಹೋಯಿತು. ಇನ್ನೊಂದು ಗಡಿಯಲ್ಲಿ ಇದರ ವಿರುದ್ಧ. 53ನೆಯದು ಮತ್ತೆ ಒಂದು ಸೆಕೆಂಡಿನಲ್ಲಿ ಮೂಡುವುದರಿಂದ, 52ನೆಯದರ `After` 2ರ ಬದಲು 1.50 ಆಗಬೇಕು. ಕೊನೆಯ ತುಂಡಿಗೆ `After` 6, `Duration` 1.

ಕೊನೆಯ ಫೋಟೊಗೆ ಏಳು ಸೆಕೆಂಡು ಮುಗಿದಾಗ ಹಾಡೂ ಮುಗಿಯುತ್ತದೆ, ಕೂಡಲೇ ತೆರೆ ಕಪ್ಪಾಗುತ್ತದೆ. ಲೆಕ್ಕಕ್ಕೆ ಸರಿ, ನೋಡುವವರಿಗೆ ಕಿತ್ತುಕೊಂಡ ಹಾಗೆ. 58ನೆಯದಕ್ಕೆ 00:10.00 ಕೊಟ್ಟು, ಹಾಡಿನ `Fade Out` ಅನ್ನು ಎರಡು ಮೂರು ಸೆಕೆಂಡು ಇಟ್ಟರೆ ಚೆನ್ನ.

ಒಮ್ಮೆಗೇ ತಪ್ಪಿದರೆ

ಇದಕ್ಕೆ ಹೆಚ್ಚು ಹುಡುಕಾಟ ಬೇಡ. `View` ಟ್ಯಾಬಿನಲ್ಲಿ `Slide Sorter` ತೆರೆಯಿರಿ. ಪ್ರತಿ ಸಣ್ಣ ಚಿತ್ರದ ಕೆಳಗೂ ಅದರ ಸಮಯ ಕಾಣುತ್ತದೆ. ಸಮಯವೇ ಕಾಣದ ಸ್ಲೈಡು ಇದ್ದರೆ ಅಲ್ಲಿ `After` ಟಿಕ್ ಇಲ್ಲ, ಯಾರಾದರೂ ಕ್ಲಿಕ್ ಮಾಡುವವರೆಗೂ ಸ್ಲೈಡ್‌ಶೋ ಅಲ್ಲೇ ನಿಂತಿರುತ್ತದೆ, ಹಾಡು ಮಾತ್ರ ಮುಂದೆ ಹೋಗುತ್ತಿರುತ್ತದೆ. ಬೇರೆ ಫೈಲಿನಿಂದ ತಂದು ಅಂಟಿಸಿದ ಸ್ಲೈಡುಗಳಲ್ಲಿ ಹೀಗಾಗುವುದು ಹೆಚ್ಚು. ಸಂಖ್ಯೆಯ ಮೇಲೆ ಗೀಟು ಇದ್ದರೆ ಆ ಸ್ಲೈಡು ಅಡಗಿಸಿದ್ದು. ನಿಮ್ಮ ಎಣಿಕೆಯಲ್ಲಿ ಅದಿದೆ, ಪ್ರದರ್ಶನದಲ್ಲಿ ಇಲ್ಲ, ಹಾಗಾಗಿ ಅಲ್ಲಿಂದ ಮುಂದೆ ಎಲ್ಲವೂ ಒಂದು ಫೋಟೊದಷ್ಟು ಬೇಗ ಬರುತ್ತದೆ.

ಎರಡೂ ಇಲ್ಲದೆ, ತಪ್ಪುವ ಜಾಗವೂ ಪ್ರತಿ ಸಲ ಬೇರೆಯಾಗಿದ್ದರೆ, ಯಾರದೋ ಕೈ ಮೌಸಿಗೆ ತಗಲುತ್ತಿದೆ. ಎಲ್ಲ ಸ್ಲೈಡುಗಳನ್ನೂ ಆರಿಸಿ `On Mouse Click` ಟಿಕ್ ತೆಗೆದುಬಿಡಿ. ಒಂದು ಫೋಟೊ ಕೂಡ ತಾನಾಗಿ ಮುಂದೆ ಹೋಗುತ್ತಿಲ್ಲ ಎಂದಾದರೆ ನೋಡಬೇಕಾದದ್ದು `Slide Show` ಟ್ಯಾಬಿನ `Use Timings`. ಸ್ಲೈಡು ಬದಲಾದ ಕೂಡಲೇ ಹಾಡೇ ನಿಂತುಹೋದರೆ ಸ್ಪೀಕರ್ ಗುರುತಿನ `Playback` ಟ್ಯಾಬಿನಲ್ಲಿ `Play Across Slides` ಇಲ್ಲ.

ಮೊದಲಿನಿಂದಲೂ ಒಂದೇ ಅಂತರ

ಮೂರು ಕಡೆಯೂ ಒಂದೇ ಅಂತರ ಬಂದರೆ ಮೊದಲು ನೋಡಬೇಕಾದದ್ದು ಮೊದಲ ಸ್ಲೈಡು. ತಾನಾಗಿ ಶುರುವಾಗುವಂತೆ ಇಟ್ಟ ಹಾಡು ಕೂಡ ಆ ಸ್ಲೈಡು ಪೂರ್ತಿ ಮೂಡಿದ ಮೇಲೆಯೇ ಹೊರಡುತ್ತದೆ. ಅಲ್ಲಿ ಎರಡು ಸೆಕೆಂಡಿನ `Fade` ಇದ್ದರೆ ಮೊದಲ ಫೋಟೊ ಎರಡು ಸೆಕೆಂಡು ಮೂಕವಾಗಿ ಮೂಡುತ್ತದೆ. ಸ್ಟಾಪ್‌ವಾಚನ್ನು ಹಾಡಿನ ಮೊದಲ ಸ್ವರಕ್ಕೆ ಒತ್ತುವುದರಿಂದ ಇದು ಕೋಷ್ಟಕದಲ್ಲಿ ಕಾಣಿಸದೆಯೂ ಇರಬಹುದು. ಆದರೆ ಸ್ಲೈಡ್‌ಶೋ ಒಟ್ಟು ಎಷ್ಟು ಹೊತ್ತು ಎಂದು ಎಣಿಸುವಾಗ ಕಾಡುತ್ತದೆ. ಮೊದಲ ಸ್ಲೈಡಿಗೆ `None` ಇಡಲು ಹೇಳಿದ್ದು ಇದಕ್ಕೇ. ಆಮೇಲೆ ಹಾಡಿನ ಫೈಲನ್ನು ನೋಡಿ. ಎಷ್ಟೋ ಹಾಡುಗಳ ತಲೆಯಲ್ಲಿ ಅರ್ಧದಿಂದ ಒಂದೆರಡು ಸೆಕೆಂಡಿನಷ್ಟು ಮೌನ ಇರುತ್ತದೆ, `Trim Audio` ದಿಂದ ಕತ್ತರಿಸಬಹುದು. ಕತ್ತರಿಸಿದರೆ ತಿರುವುಗಳ ಸಮಯವೂ ಅಷ್ಟೇ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಗುರುತು ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಿ.

ಬ್ಲೂಟೂತ್ ಸ್ಪೀಕರಿನಿಂದ ಬರುವ ತಡ ಇದಕ್ಕಿಂತ ಚಿಕ್ಕದು, ಸಾಮಾನ್ಯವಾಗಿ ಸೆಕೆಂಡಿನ ಕಾಲು ಭಾಗದ ಆಸುಪಾಸು. ನಿಧಾನವಾಗಿ ಕರಗುವ ಫೋಟೊಗಳಲ್ಲಿ ಅದು ಯಾರಿಗೂ ತಿಳಿಯುವುದಿಲ್ಲ, ಅದರ ಬೆನ್ನು ಹತ್ತಬೇಡಿ. ತಾಳದ ಪೆಟ್ಟಿಗೆ ಸರಿಯಾಗಿ ಫೋಟೊ ಥಟ್ಟನೆ ಬದಲಾಗುವಂತೆ ಮಾಡಿದ್ದರೆ ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಆಗ ತಂತಿ ಹಾಕಿ. ವಿಡಿಯೊ ಮಾಡಿ ವಿಎಲ್‌ಸಿಯಲ್ಲಿ ಓಡಿಸುತ್ತಿದ್ದರೆ `J` ಕೀಲಿ ಒತ್ತಿ ಧ್ವನಿಯನ್ನು ಸ್ವಲ್ಪ ಸ್ವಲ್ಪವೇ ಮುಂಚಿತ ಮಾಡಬಹುದು, `K` ಹಿಂದಕ್ಕೆ ತಳ್ಳುತ್ತದೆ.

ಹಾಡಿನ ಉದ್ದವೇ ತಪ್ಪಾಗಿ ಕಾಣುವುದೂ ಉಂಟು. ಕೆಲವು ಎಂಪಿ3 ಫೈಲುಗಳಲ್ಲಿ ದತ್ತಾಂಶದ ದಟ್ಟಣೆ ಉದ್ದಕ್ಕೂ ಏರಿಳಿಯುತ್ತಿರುತ್ತದೆ, ಅದರ ವಿವರ ಫೈಲಿನ ತಲೆಯಲ್ಲಿ ಬರೆದಿರದಿದ್ದರೆ ಪ್ಲೇಯರ್ ಉದ್ದವನ್ನು ಊಹಿಸುತ್ತದೆ. ತೋರಿಸುವುದು ಒಂದು, ನುಡಿಯುವುದು ಇನ್ನೊಂದು. ಆಡಾಸಿಟಿಯಲ್ಲಿ ತೆರೆದು ಡಬ್ಲ್ಯುಎವಿ ಆಗಿ ಉಳಿಸಿ, ಅದರ ಉದ್ದವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಮನೆಯಲ್ಲಿ ಸರಿ, ಸಭಾಂಗಣದಲ್ಲಿ ತಪ್ಪು

ಎಲ್ಲ ಲೆಕ್ಕ ಸರಿಯಿದ್ದೂ ಬೇರೆ ಕಂಪ್ಯೂಟರಿನಲ್ಲಿ ಜಾರಿದರೆ ಫೋಟೊಗಳ ತೂಕ ನೋಡಿ. ಫೋನಿನಿಂದ ನೇರವಾಗಿ ತಂದ ಫೋಟೊ ಹನ್ನೆರಡು ಮೆಗಾಪಿಕ್ಸೆಲ್ಲೋ ಅದಕ್ಕಿಂತ ಹೆಚ್ಚೋ ಇರುತ್ತದೆ. 1920×1080ರ ಪ್ರೊಜೆಕ್ಟರ್ ತೋರಿಸುವುದು ಎರಡು ಮೆಗಾಪಿಕ್ಸೆಲ್ಲಿಗಿಂತ ಸ್ವಲ್ಪ ಹೆಚ್ಚಷ್ಟೇ. ಹಳೆಯ ಯಂತ್ರ ಅಷ್ಟು ಭಾರದ ಚಿತ್ರವನ್ನು ಬಿಡಿಸಿ ತೆರೆಗೆ ತರುವಾಗ ತಡವರಿಸುತ್ತದೆ, ಹಾಡಾದರೋ ತನ್ನ ಪಾಡಿಗೆ ನುಡಿಯುತ್ತಿರುತ್ತದೆ. ಗುರುತು ಏನೆಂದರೆ ತಡ ಬೆಳೆಯುತ್ತದೆ, ಆದರೆ ಸಮನಾಗಿ ಅಲ್ಲ, ಮತ್ತು ಎರಡನೇ ಸಲ ಓಡಿಸಿದಾಗ ಸಂಖ್ಯೆಗಳು ಬೇರೆ ಬರುತ್ತವೆ. `Compress Pictures` ಬಳಸಿ ಚಿಕ್ಕದು ಮಾಡಿದರೆ ಕಡಿಮೆಯಾಗುತ್ತದೆ.

ಪೂರ್ತಿ ನಿಲ್ಲಬೇಕೆಂದರೆ ವಿಡಿಯೊ ಮಾಡಿ ಒಯ್ಯಬೇಕು. ವಿಡಿಯೊದಲ್ಲಿ ಚಿತ್ರಕ್ಕೂ ಧ್ವನಿಗೂ ಒಂದೇ ಕಾಲಮುದ್ರೆ ಇರುತ್ತದೆ, ಯಂತ್ರ ನಿಧಾನವಾದರೆ ಚಿತ್ರ ಒಂದಿಷ್ಟು ಕುಕ್ಕಬಹುದೇ ಹೊರತು ಹಾಡಿನಿಂದ ದೂರ ಹೋಗುವುದಿಲ್ಲ. `File`, `Export`, `Create a Video`. ಅಲ್ಲಿ `Use Recorded Timings and Narrations` ಆರಿಸಿದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಅದಿಲ್ಲದಿದ್ದರೆ ನೀವು ಹಾಕಿದ ಸಮಯಗಳನ್ನೆಲ್ಲ ಬದಿಗಿಟ್ಟು ಪ್ರತಿ ಸ್ಲೈಡಿಗೂ ಕೆಳಗೆ ಬರೆದಿರುವ ಸಮಾನ ಸಮಯ ಕೊಡುತ್ತದೆ, ಮೊದಲಿಗೆ ಅಲ್ಲಿ ಇರುವುದು 5 ಸೆಕೆಂಡು. ವಾದ್ಯಗಳ ತುಣುಕಿನಲ್ಲೂ ಫೋಟೊಗಳು ಚುರುಕಾಗದೆ ಅದೇ ನಿಧಾನದಲ್ಲಿ ಸಾಗುತ್ತಿದ್ದರೆ ಆಗಿರುವುದು ಇದೇ. ವಿಡಿಯೊ ಸಿದ್ಧವಾದ ಮೇಲೆ ಒಟ್ಟು ಉದ್ದ ನೋಡಿ. ಈ ಸ್ಲೈಡ್‌ಶೋ 3:55ರ ಹತ್ತಿರ ಇರಬೇಕು.

ಸಮಾರಂಭದ ಹಿಂದಿನ ರಾತ್ರಿ ಯಾರಾದರೂ "ಈ ಒಂದು ಫೋಟೊ ಸೇರಿಸಿಬಿಡಿ" ಎಂದು ಕಳಿಸುವುದು ಗ್ಯಾರಂಟಿ. ಸಿಕ್ಕಲ್ಲಿ ಸೇರಿಸಿದರೆ ಅದರ ಮುಂದಿನದೆಲ್ಲ ಜರುಗುತ್ತದೆ. ಅದು ಯಾವ ತುಂಡಿಗೆ ಸೇರಿದ್ದು ಎಂದು ಮೊದಲು ನೋಡಿ, ಆ ತುಂಡಿನ ಸಮಯವನ್ನಷ್ಟೇ ಮತ್ತೆ ಹಂಚಿ. ಅತ್ತೆಯ ಮಗಳಿಗೆ ಬಂದದ್ದು ಗುಂಪಿನ ಇನ್ನೊಂದು ಫೋಟೊ, ಅಂದರೆ ಕೊನೆಯ ತುಂಡಿನದ್ದು. 42 ಸೆಕೆಂಡಿಗೆ ಆರರ ಬದಲು ಏಳು ಫೋಟೊ, ತಲಾ 6. `Duration` 1 ಹಾಗೆಯೇ ಇರಲಿ, `After` ಅನ್ನು 00:05.00ಕ್ಕೆ ಇಳಿಸಿ, ಕೊನೆಯದಕ್ಕೆ ಆರರ ಜೊತೆ ಮೂರು ಸೇರಿಸಿ 00:09.00. ಹಿಂದಿನ 52 ಸ್ಲೈಡುಗಳನ್ನು ಮುಟ್ಟುವ ಅಗತ್ಯವೇ ಬೀಳಲಿಲ್ಲ. ವಿಡಿಯೊ ಮಾತ್ರ ಹೊಸದಾಗಿ ಮಾಡಬೇಕಾಯಿತು, ಹಳೆಯದನ್ನು ಪೆನ್‌ಡ್ರೈವಿನಿಂದ ಅಳಿಸಿ ಹೊಸದನ್ನು ಹಾಕಿಕೊಟ್ಟೆ.